ಉಳಿತಾಯ ಖಾತೆ ಮುಚ್ಚಿದಾಗ ಕೊನೆಯ ಸ್ಟೇಟ್‌ಮೆಂಟನ್ನು ಓದುವುದು ಹೇಗೆ?

ಖಾತೆ ಮುಚ್ಚಿದ ಬಳಿಕ ನೆಟ್‌ಬ್ಯಾಂಕಿಂಗ್‌ನಲ್ಲಿ ಅದರ ವಿವರಗಳು ಸಿಗದೆ ಹೋಗಬಹುದು. ಆದ್ದರಿಂದ ಅರ್ಜಿ ಕೊಡುವ ಮೊದಲೇ ಹಿಂದಿನ 13 ತಿಂಗಳ ಸ್ಟೇಟ್‌ಮೆಂಟನ್ನು ಇಳಿಸಿಟ್ಟುಕೊಳ್ಳಿ. ವರ್ಷಕ್ಕೊಮ್ಮೆ ಮಾತ್ರ ಆಗುವ ಕಡಿತಗಳು ಆರು ತಿಂಗಳ ಪ್ರತಿಯಲ್ಲಿ ಕಾಣಿಸದಿರಬಹುದು.

ಅದರಲ್ಲಿ ಖಾತೆಯಿಂದ ತಾನಾಗಿ ಆಗುವ ಕಡಿತಗಳನ್ನು ಸೂಚಿಸುವ NACH, ECS, SI ಎಂಬ ಅಕ್ಷರಗಳಿರುವ ಸಾಲುಗಳನ್ನು ಗುರುತು ಹಾಕಿ. ಸಾಲದ ಕಂತು, ಮ್ಯೂಚುವಲ್ ಫಂಡ್ ಕಂತು, ವಿಮಾ ಪ್ರೀಮಿಯಂಗಳು ಸಾಮಾನ್ಯವಾಗಿ ಇಲ್ಲಿರುತ್ತವೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯ 20 ರೂಪಾಯಿಯ ಸಾಲನ್ನು ಚಿಕ್ಕದೆಂದು ಬಿಡಬೇಡಿ, ಏಕೆಂದರೆ ಖಾತೆ ಮುಚ್ಚಿದರೆ ಆ ವಿಮೆಯೂ ಕೊನೆಗೊಳ್ಳುತ್ತದೆ. ಕಂತು ವಸೂಲು ಮಾಡುವ ಸಂಸ್ಥೆಗೆ ಖಾತೆ ಮುಚ್ಚಿದ ಸುದ್ದಿ ತಾನಾಗಿ ಮುಟ್ಟುತ್ತದೆ ಎಂದು ನಂಬಿ ಕೂರುವಂತಿಲ್ಲ. ಅದು ಮುಂದಿನ ತಿಂಗಳೂ ಹಣ ಕೇಳಿ, ಕೋರಿಕೆ ವಾಪಸಾದಾಗ ನಿಮ್ಮ ಮೇಲೆಯೇ ದಂಡ ಹಾಕಬಹುದು. ಹಾಗಾಗಿ ಆಯಾ ಸಂಸ್ಥೆಗೇ ಹೊಸ ಖಾತೆಯ ವಿವರ ಕೊಟ್ಟು, ಅಲ್ಲಿಂದ ಒಂದು ಕಂತು ಕಡಿತವಾದದ್ದನ್ನು ನೋಡಿಕೊಂಡ ಮೇಲೆಯೇ ಹಳೆಯ ಖಾತೆಯನ್ನು ಮುಚ್ಚುವುದು ಲೇಸು.

ಇನ್ನು ಕೊನೆಯ ಸ್ಟೇಟ್‌ಮೆಂಟಿನ ಅಂತಿಮ ಸಾಲುಗಳು. ಒಂದು ಉದಾಹರಣೆ ನೋಡೋಣ. ಏಪ್ರಿಲ್ 1ರಿಂದ 12,000 ರೂಪಾಯಿ ಇದ್ದ ಖಾತೆಯನ್ನು ಜೂನ್ 18ರಂದು ಮುಚ್ಚಲಾಯಿತು ಎಂದಿಟ್ಟುಕೊಳ್ಳಿ. ಬಡ್ಡಿ ದಿನದ ಬಾಕಿಯ ಮೇಲೆ ಲೆಕ್ಕವಾಗುವುದರಿಂದ, ವರ್ಷಕ್ಕೆ ಶೇ 2.5ರಂತೆ 78 ದಿನಗಳಿಗೆ ಸುಮಾರು 64 ರೂಪಾಯಿ ಜಮೆಯಾಗಬೇಕು. ಮುಕ್ತಾಯ ಶುಲ್ಕ 300 ರೂಪಾಯಿ ಇದ್ದರೆ ಶೇ 18ರ ಜಿಎಸ್‌ಟಿ ಸೇರಿ 354 ಕಡಿತವಾಗಿ, 11,710 ರೂಪಾಯಿ ನಿಮ್ಮ ಇನ್ನೊಂದು ಖಾತೆಗೆ ಹೋಗಿ, ಬಾಕಿ 0.00 ಎಂದು ನಿಲ್ಲಬೇಕು. ಬಡ್ಡಿಯ ಸಾಲೇ ಇಲ್ಲದಿದ್ದರೆ ಕೇಳಿ ಪಡೆಯಿರಿ. ಪರಿಚಯವಿಲ್ಲದ ಶುಲ್ಕವೊಂದು ಕಂಡರೆ ಅದು ಯಾವ ತಿಂಗಳಿನದೆಂದು ವಿಚಾರಿಸಿ. ಹಿಂದೆ ಹಣ ಸಾಲದೆ ಉಳಿದಿದ್ದ ಎಸ್ಎಂಎಸ್ ಅಥವಾ ಡೆಬಿಟ್ ಕಾರ್ಡ್ ಶುಲ್ಕವನ್ನು ಈಗ ವಸೂಲು ಮಾಡಿರಬಹುದು. ಕನಿಷ್ಠ ಬಾಕಿ ಇಲ್ಲವೆಂಬ ದಂಡದಿಂದಲೇ ಖಾತೆ ಋಣಾತ್ಮಕವಾಗಬಾರದೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಅದು 2015ರ ಏಪ್ರಿಲ್‌ನಿಂದ ಜಾರಿಯಲ್ಲಿದೆ.

ಮುಕ್ತಾಯದ ದೃಢೀಕರಣಕ್ಕೆ ಎಸ್ಎಂಎಸ್ ಒಂದೇ ಸಾಲದು. ಪತ್ರದಲ್ಲಿ ಅಥವಾ ಇಮೇಲ್‌ನಲ್ಲಿ ಖಾತೆ ಸಂಖ್ಯೆ, ಮುಚ್ಚಿದ ದಿನಾಂಕ, ಶೂನ್ಯ ಬಾಕಿ, ಯಾವುದೇ ಶುಲ್ಕ ಬಾಕಿಯಿಲ್ಲವೆಂಬ ಹಾಗೂ ಸ್ಥಾಯಿ ಸೂಚನೆಗಳು ರದ್ದಾಗಿವೆಯೆಂಬ ಮಾತು ಇರಲಿ. 'ಅರ್ಜಿ ಸ್ವೀಕರಿಸಲಾಗಿದೆ' ಎಂಬ ಸ್ವೀಕೃತಿಪತ್ರವನ್ನು ಮುಕ್ತಾಯಪತ್ರವೆಂದು ತಿಳಿಯುವವರು ಕಡಿಮೆಯೇನಿಲ್ಲ. ಪತ್ರದ ದಿನಾಂಕವೂ ಸ್ಟೇಟ್‌ಮೆಂಟಿನ ಕೊನೆಯ ಸಾಲಿನ ದಿನಾಂಕವೂ ತಾಳೆಯಾಗುತ್ತವೆಯೇ ಎಂದು ನೋಡಿ. ತಪ್ಪು ಕಂಡರೆ ಶಾಖೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ cms.rbi.org.in ಮೂಲಕ ದೂರು ಸಲ್ಲಿಸಬಹುದು.