ಕಿವಿ ಚೆನ್ನಾಗಿದೆ ಅಂದರೂ ನೋವು ಹೋಗ್ತಿಲ್ವಾ? ಮೂಲ ಹೀಗೆ ಹುಡುಕಿ

ಸೇಡಂ ಕಡೆಯ ಒಬ್ಬ ಹೆಣ್ಣುಮಗಳು ಕಲಬುರಗಿಯ ನಮ್ಮ ಕ್ಲಿನಿಕ್‌ಗೆ ಬಂದಿದ್ದರು. ವಯಸ್ಸು ಮೂವತ್ತರ ಮೇಲೆ. ತಿಂಗಳಿಂದ ಬಲಗಿವಿ ನೋವು. ಎರಡು ಬಾಟಲಿ ಡ್ರಾಪ್ಸ್ ಮುಗಿದಿತ್ತು, ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯೂ ಆಗಿತ್ತು. "ಎಲ್ಲಾರೂ ಕಿವ್ಯಾಗ ಏನೂ ಇಲ್ಲಂತಾರ್ರಿ ಸರ್, ಮತ್ತ ನೋವ್ಯಾಕ ಬರತದ?" ಅಂದರು. ನಾನೂ ಲೈಟ್ ಹಾಕಿ ನೋಡಿದೆ. ಪರದೆ ಬೆಳ್ಳಗೆ ಹೊಳೆಯುತ್ತಿತ್ತು, ಕೀವಿಲ್ಲ, ಊತವಿಲ್ಲ.

ನೋವು ಸುಳ್ಳಲ್ಲ. ಕಿವಿಗೆ ಬರುವ ನರಗಳೇ ಕೆಳಗಿನ ಹಲ್ಲು, ದವಡೆಯ ಕೀಲು, ಗಂಟಲು, ನಾಲಿಗೆಯ ಬುಡಕ್ಕೂ ಹೋಗುತ್ತವೆ. ಅಲ್ಲಿ ತೊಂದರೆಯಾದರೆ ಮಿದುಳಿಗೆ ಅದು ಕಿವಿಯಿಂದ ಬಂದ ಹಾಗೆ ಅನ್ನಿಸುತ್ತದೆ. ಹಾಗಾಗಿ ಕಿವಿಗೆ ಎಷ್ಟು ಎಣ್ಣೆ, ಡ್ರಾಪ್ಸ್ ಹಾಕಿದರೂ ಉಪಯೋಗವಿಲ್ಲ.

ಮೊದಲು ಕಿವಿಯನ್ನು ಡಾಕ್ಟರಿಗೆ ತೋರಿಸಿ, ಈ ಹೆಜ್ಜೆ ಬಿಡಬೇಡಿ. ಕಿವಿ ಸೋರುತ್ತಿದ್ದರೆ, ಕೇಳಿಸುವುದು ಕಮ್ಮಿಯಾಗಿದ್ದರೆ, ಕಿವಿಯ ಹಾಲೆ ಹಿಡಿದು ಎಳೆದಾಗ ಚುರುಕ್ ಅಂದರೆ ತೊಂದರೆ ಕಿವಿಯಲ್ಲೇ ಇರುವ ಸಾಧ್ಯತೆ ಜಾಸ್ತಿ. ಕಿವಿ ಸರಿಯಿದೆ ಅಂದರೆ ಮಾತ್ರ ಮುಂದೆ ಓದಿ.

ಈಗ ದವಡೆಯ ಕೀಲು ನೋಡೋಣ. ಕಿವಿ ತೂತಿನ ಮುಂದೆ ಒಂದು ಚಿಕ್ಕ ಚಾಚು ಇದೆಯಲ್ವಾ, ಅದಕ್ಕೆ ತಾಗಿ ಕೆನ್ನೆ ಕಡೆಗೆ ಎರಡೂ ಬದಿ ಬೆರಳಿಡಿ. ಬಾಯಿ ನಿಧಾನವಾಗಿ ತೆರೆದು ಮುಚ್ಚಿ. ಬೆರಳಿನ ಕೆಳಗೆ ಕೀಲು ಸರಿಯುವುದು ಗೊತ್ತಾಗುತ್ತದೆ. ನೋವಿರುವ ಬದಿಯಲ್ಲಿ ಒತ್ತಿದಾಗ "ಇದೇ ನೋವು" ಅನ್ನಿಸಿದರೆ ಅದು ದೊಡ್ಡ ಸುಳಿವು. ಬರೀ ಕಟ್‌ಕಟ್ ಸದ್ದು ಬಂದರೆ ಹೆದರಬೇಡಿ, ನೋವಿಲ್ಲದ ಸದ್ದು ಎಷ್ಟೋ ಜನರಿಗೆ ಇರುತ್ತದೆ. ಆಮೇಲೆ ನಿಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ಜೋಡಿಸಿ ಮುಂದಿನ ಹಲ್ಲುಗಳ ನಡುವೆ ಇಟ್ಟು ನೋಡಿ. ಸಾಮಾನ್ಯವಾಗಿ ಮೂರೂ ಹಿಡಿಯಬೇಕು.

ಆ ಹೆಣ್ಣುಮಗಳಿಗೆ ಎರಡೇ ಬೆರಳು ಹಿಡಿಯಿತು. ಬೆಳಗ್ಗೆ ಎದ್ದಾಗ, ಊಟ ಮಾಡುವಾಗ ನೋವು ಜಾಸ್ತಿ ಅಂದರು. ಬೆಳಗಿನ ನೋವು ಅಂದರೆ ರಾತ್ರಿ ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸ ಇರಬಹುದು. ಬಾಯಿ ನೋಡಿದರೆ ಎಡಗಡೆಯ ಕೆಳದವಡೆ ಹಲ್ಲು ಹುಳುಕು, ಹಾಗಾಗಿ ವರ್ಷದಿಂದ ಎಲ್ಲವನ್ನೂ ಬಲಗಡೆಯೇ ಅಗಿಯುತ್ತಿದ್ದರು. ಅದರ ಮೇಲೆ ಸಂಕ್ರಾಂತಿಗೆ ಮಾಡಿಟ್ಟ ಎಳ್ಳು ಹಚ್ಚಿದ ಖಡಕ್ ಸಜ್ಜಿ ರೊಟ್ಟಿ ದಿನಾ ತಿಂದಿದ್ದಾರೆ. ಬಲಗಡೆಯ ಕೀಲಿಗೆ ವಿಶ್ರಾಂತಿಯೇ ಸಿಕ್ಕಿರಲಿಲ್ಲ.

ಔಷಧಿಗಿಂತ ರೂಢಿ ಬದಲಿಸಿದ್ದೇ ಅವರಿಗೆ ಜಾಸ್ತಿ ಉಪಯೋಗವಾಯಿತು. ಮೂರು ವಾರ ಖಡಕ್ ರೊಟ್ಟಿ, ಹುರಿದ ಕಡಲೆ, ಕಬ್ಬು ಬಂದ್. ಬಿಸಿ ರೊಟ್ಟಿಯನ್ನು ಬೇಳೆಸಾರಿನಲ್ಲಿ ನೆನೆಸಿ, ಇಲ್ಲವೇ ನುಚ್ಚು, ಅನ್ನ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಕೆನ್ನೆಗೆ 15 ನಿಮಿಷ, ದಿನಕ್ಕೆ ಎರಡು ಮೂರು ಸಲ. ಆಕಳಿಸುವಾಗ ಗದ್ದದ ಕೆಳಗೆ ಕೈ ಕೊಟ್ಟು ಬಾಯಿ ದೊಡ್ಡದಾಗದಂತೆ ತಡೆಯಿರಿ ಅಂದೆ. ಹಗಲಲ್ಲಿ ನೆನಪಾದಾಗಲೆಲ್ಲ ತುಟಿ ಮುಚ್ಚಿರಲಿ, ಮೇಲಿನ ಕೆಳಗಿನ ಹಲ್ಲು ಮಾತ್ರ ತಾಕದಿರಲಿ. ಎಡಗಡೆ ಹಲ್ಲಿಗೆ ರೂಟ್ ಕೆನಾಲ್ ಮಾಡಿಸಿಕೊಂಡರು, ಅದು ಸರಿಯಾಗದೆ ಎರಡೂ ಕಡೆ ಅಗಿಯುವುದು ಆಗದು. ಮೂರು ವಾರಕ್ಕೆ ಮೂರು ಬೆರಳು ಹಿಡಿಯಿತು, ಕಿವಿ ನೋವು ಯಾವಾಗಲೋ ಒಮ್ಮೆ ಅಷ್ಟೇ.

ಕೀಲು ಸರಿಯಿದ್ದರೆ ಹಲ್ಲು ನೋಡಿ. ಕೆಳಗಿನ ಹಿಂದಿನ ದವಡೆ ಹಲ್ಲುಗಳೇ ಕಿವಿಗೆ ನೋವು ಕಳಿಸುವುದು ಜಾಸ್ತಿ. ತಣ್ಣೀರು ಬಾಯಿಗೆ ಹಾಕಿದರೆ ಕಿವಿಯವರೆಗೆ ಜುಂ ಅಂದು ಅರ್ಧ ನಿಮಿಷವಾದರೂ ಇಳಿಯದಿದ್ದರೆ, ಚಮಚದ ಹಿಡಿಯಿಂದ ಮೆಲ್ಲಗೆ ತಟ್ಟಿದಾಗ ಒಂದು ಹಲ್ಲು ಮಾತ್ರ ನೋಯುತ್ತಿದ್ದರೆ ಡೆಂಟಿಸ್ಟ್ ಹತ್ತಿರ ಹೋಗಿ ಎಕ್ಸ್‌ರೇ ಮಾಡಿಸಿ. ಇಪ್ಪತ್ತರ ಆಸುಪಾಸಿನವರಿಗೆ ಬುದ್ಧಿ ಹಲ್ಲು ಅರ್ಧ ಹೊರಬಂದು ಸುತ್ತಲ ಒಸಡು ಊದಿಕೊಂಡಿರುವುದೂ ಉಂಟು.

ಕೊನೆಗೆ ಗಂಟಲು. ಗಂಟಲು ಕೆಟ್ಟಾಗ, ಟಾನ್ಸಿಲ್ ಊದಿದಾಗ ನುಂಗಿದರೆ ಕಿವಿ ಚುಚ್ಚುತ್ತದೆ, ಅದು ವಾರದಲ್ಲಿ ಹೋಗುತ್ತದೆ. ನನಗೆ ಹೆದರಿಕೆಯಾಗುವುದು ಬೇರೆ ಥರದವರ ಬಗ್ಗೆ. ನಮ್ಮ ಕಡೆ ಗುಟ್ಕಾ, ತಂಬಾಕು, ಬೀಡಿ ಎಷ್ಟು ಅಂತ ನಿಮಗೇ ಗೊತ್ತು. ನಲವತ್ತು ದಾಟಿದವರು, ಇವುಗಳ ಚಟ ಇದ್ದವರು, ಒಂದೇ ಕಡೆ ಕಿವಿ ನೋವು ಎರಡು ಮೂರು ವಾರವಾದರೂ ಹೋಗದಿದ್ದರೆ, ಕಿವಿ ಎಷ್ಟೇ ಚೆನ್ನಾಗಿರಲಿ, ನಾಲಿಗೆಯ ಬುಡ ಮತ್ತು ಗಂಟಲ ಕ್ಯಾನ್ಸರ್ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಲೇಬೇಕು. ಜೊತೆಗೆ ನುಂಗಲು ಕಷ್ಟ, ದನಿ ಬದಲಾವಣೆ, ಕುತ್ತಿಗೆಯಲ್ಲಿ ಗಂಟು, ಉಗುಳಿನಲ್ಲಿ ರಕ್ತ ಕಂಡರೆ ಮೂರು ವಾರವೂ ಕಾಯಬೇಡಿ. ಟಾರ್ಚ್ ಹಾಕಿ ಬಾಯಿ ನೋಡಿದರೆ ನಾಲಿಗೆ ಬುಡದ ಹಿಂದಿನ ಜಾಗ ಕಾಣುವುದಿಲ್ಲ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್‌ನಂಥ ದೊಡ್ಡ ಆಸ್ಪತ್ರೆಯ ಇಎನ್‌ಟಿ ವಿಭಾಗಕ್ಕೆ ಹೋಗಿ, "ಕಿವಿ ಸರಿ ಇದೆ ಅಂದಿದ್ದಾರೆ, ನೋವು ಇಷ್ಟು ವಾರದಿಂದ ಇದೆ, ತಂಬಾಕು ಇಷ್ಟು ವರ್ಷದಿಂದ ತಿಂತೀನಿ, ಗಂಟಲಿಗೆ ಕ್ಯಾಮೆರಾ ಹಾಕಿ ನೋಡಿ" ಅಂತ ಬಾಯಿಬಿಟ್ಟು ಕೇಳಿ.