ಶುಕ್ರವಾರಕ್ಕೆ ಎಷ್ಟು ಮಾರು ಹೂವು ತರಬೇಕು?

ನಮ್ಮ ಬೀದಿಯ ದೇವಸ್ಥಾನದ ಮುಂದೆ ಹೂವು ಮಾರುವ ಅಕ್ಕ ಪ್ರತಿ ಶುಕ್ರವಾರ 45 ಮಾರು ಸೇವಂತಿಗೆ ತರುತ್ತಿದ್ದರು. ಬೆಳಗಿನ ಜಾವವೇ ಎದ್ದು ಬೆಂಗಳೂರಿನ ಕೆ.ಆರ್. ಮಾರ್ಕೆಟ್‌ಗೆ ಹೋಗಿ, ಇಡೀ ದಿನಕ್ಕೆ ಬೇಕಾದದ್ದನ್ನು ಒಂದೇ ಸಲ ಕೊಂಡು ತರುತ್ತಾರೆ. ಮಧ್ಯಾಹ್ನ ಖಾಲಿಯಾದರೆ ಮತ್ತೆ ಹೋಗಿ ಬರುವಂತಿಲ್ಲ, ಅಂಗಡಿ ನೋಡಿಕೊಳ್ಳಲು ಬೇರೆ ಯಾರೂ ಇಲ್ಲ. ಸಂಜೆ ಉಳಿದರೆ ಮರುದಿನಕ್ಕೆ ಬಾಡಿರುತ್ತದೆ.

"45 ಯಾಕೆ ಅಕ್ಕಾ?" ಎಂದು ಕೇಳಿದೆ. "ಬಂದವರನ್ನ ಬರಿಗೈಲಿ ಕಳಿಸಬಾರದು ಅಲ್ವೇನಪ್ಪಾ?" ಎಂದರು. ಅದು ಒಳ್ಳೆಯ ಮನಸ್ಸಿನ ಮಾತು. ಆದರೆ ವಾರವಾರವೂ ಅವರ ಕೈಯಿಂದ ಹಣ ಹೋಗುತ್ತಿತ್ತು. ಎಷ್ಟು ಹೋಗುತ್ತಿತ್ತು, ಎಷ್ಟು ತಂದರೆ ಸರಿ ಎಂಬುದನ್ನು ಒಂದು ಹಾಳೆಯಲ್ಲಿ ಲೆಕ್ಕ ಹಾಕಬಹುದು. ಒಂದೇ ಸಲ ಕೊಂಡು, ಬೇಗ ಕೆಡುವ ಯಾವ ಸರಕಿಗಾದರೂ ಈ ಲೆಕ್ಕ ಆಗುತ್ತದೆ. ಆವತ್ತಿನ ಪೇಪರ್ ಮರುದಿನ ರದ್ದಿಯಾಗುವುದರಿಂದ ಇದಕ್ಕೆ ನ್ಯೂಸ್‌ವೆಂಡರ್ ಮಾಡೆಲ್ ಎಂಬ ಹೆಸರು ಬಂತು. ಇದರ ಬೇರು ಇನ್ನೂ ಹಳೆಯದು. ಬ್ಯಾಂಕು ಎಷ್ಟು ನಗದು ಕೈಯಲ್ಲಿ ಇಟ್ಟುಕೊಂಡಿರಬೇಕು ಎಂಬ ಪ್ರಶ್ನೆಗೆ ಎಜ್‌ವರ್ತ್ ಎಂಬ ಅರ್ಥಶಾಸ್ತ್ರಜ್ಞ 1888ರಲ್ಲೇ ಇದೇ ದಾರಿಯಲ್ಲಿ ಉತ್ತರ ಹುಡುಕಿದ್ದರು.

ಮೊದಲು ಎರಡು ನಷ್ಟಗಳನ್ನು ಬರೆಯಿರಿ

ಅಕ್ಕನಿಗೆ ಒಂದು ಮಾರು 50 ರೂಪಾಯಿಗೆ ಬೀಳುತ್ತದೆ. ಮಾರುವುದು 80ಕ್ಕೆ. ರಾತ್ರಿ ಉಳಿದದ್ದನ್ನು ಮಾರಿಗೆ 10 ರೂಪಾಯಿಯಂತೆ ಕೊಟ್ಟುಬಿಡುತ್ತಾರೆ.

ಕಡಿಮೆ ತಂದು ಗಿರಾಕಿ ವಾಪಸ್ ಹೋದರೆ ಕೈತಪ್ಪುವ ಲಾಭ ಮಾರಿಗೆ 30 ರೂಪಾಯಿ (80ರಲ್ಲಿ 50 ಕಳೆದರೆ). ಜಾಸ್ತಿ ತಂದು ಉಳಿದರೆ ಆಗುವ ನಷ್ಟ ಮಾರಿಗೆ 40 ರೂಪಾಯಿ (50ರಲ್ಲಿ 10 ಕಳೆದರೆ). ಇವೆರಡೇ ಸಾಕು. ಗಾಡಿಯ ಬಾಡಿಗೆ, ಆಟೋ ಖರ್ಚು ಇಲ್ಲಿ ಬರುವುದಿಲ್ಲ. ಒಂದು ಮಾರು ಜಾಸ್ತಿ ತಂದರೂ ಕಡಿಮೆ ತಂದರೂ ಆ ಖರ್ಚು ಅಷ್ಟೇ ಇರುತ್ತದೆ.

ಈಗ ಕೈತಪ್ಪುವ ಲಾಭವನ್ನು ಎರಡರ ಮೊತ್ತದಿಂದ ಭಾಗಿಸಿ. 30 ÷ (30 + 40) = 0.43. ಇದೇ ಕ್ರಿಟಿಕಲ್ ರೇಶಿಯೋ. ನೂರು ಶುಕ್ರವಾರ ಬಂದರೆ ಸುಮಾರು 43 ಶುಕ್ರವಾರಗಳಲ್ಲಿ ಮಾತ್ರ ಕೇಳಿದವರಿಗೆಲ್ಲ ಹೂವು ಸಿಗಬೇಕು, ಉಳಿದ ದಿನ ಮುಗಿದುಹೋದರೂ ಚಿಂತೆಯಿಲ್ಲ ಎಂದು ಇದರ ಅರ್ಥ. ಅಕ್ಕನಿಗೆ ಇದು ಹಿಡಿಸಲಿಲ್ಲ. ಅರ್ಧಕ್ಕಿಂತ ಜಾಸ್ತಿ ದಿನ ಹೂವು ಮುಗಿಯುವುದು ಒಳ್ಳೆಯ ವ್ಯಾಪಾರ ಹೇಗಾಗುತ್ತದೆ? ಉಳಿದ ಹೂವು ತರುವ ನಷ್ಟ ಕೈತಪ್ಪಿದ ಲಾಭಕ್ಕಿಂತ ದೊಡ್ಡದು, ಅದಕ್ಕೇ.

ಹಳೆಯ ದಿನಗಳನ್ನು ಸಾಲಾಗಿ ಇಡಿ

ಅಕ್ಕನ ಮಗಳು 20 ಶುಕ್ರವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಳು. ಮಾರಿದ್ದನ್ನು ಮಾತ್ರ ಅಲ್ಲ, ಹೂವು ಮುಗಿದ ಮೇಲೆ ಕೇಳಿ ವಾಪಸ್ ಹೋದವರನ್ನೂ ಬರೆದಳು. ಮೊಳದ ಲೆಕ್ಕದಲ್ಲಿ ಹೋದದ್ದನ್ನು ನಾಲ್ಕು ಮೊಳಕ್ಕೆ ಒಂದು ಮಾರು ಎಂದು ಸೇರಿಸಿದಳು. ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದಾಗ ಬಂದ ಸಾಲು ಇದು:

22, 25, 27, 28, 30, 31, 32, 33, 34, 35, 36, 37, 38, 40, 41, 43, 45, 48, 54, 61

ಸರಾಸರಿ ಸರಿಯಾಗಿ 37. ಹೆಚ್ಚಿನವರು ಇಲ್ಲೇ ನಿಂತು 37 ತರೋಣ ಎನ್ನುತ್ತಾರೆ. ಆದರೆ ಸರಾಸರಿಗೆ ನಿಮ್ಮ ಲಾಭ ನಷ್ಟ ಗೊತ್ತಿಲ್ಲ. 20 ದಿನವನ್ನು 0.43ರಿಂದ ಗುಣಿಸಿ. 8.6 ಬರುತ್ತದೆ, ಮೇಲಕ್ಕೆ ಏರಿಸಿದರೆ 9. ಸಾಲಿನಲ್ಲಿ ಒಂಬತ್ತನೆಯ ಸಂಖ್ಯೆ 34. ತರಬೇಕಾದದ್ದು 34 ಮಾರು.

ಮೊಬೈಲಿನ ಸ್ಪ್ರೆಡ್‌ಶೀಟ್‌ನಲ್ಲಿ ಬರೆದಿಟ್ಟಿದ್ದರೆ ಜೋಡಿಸುವ ಕೆಲಸವೂ ಇಲ್ಲ. A1ರಿಂದ A20ರವರೆಗೆ ಸಂಖ್ಯೆಗಳಿದ್ದರೆ ಇಷ್ಟು ಹಾಕಿ:

```
=SMALL(A1:A20, ROUNDUP(20*30/(30+40), 0))
```

ಇದು ಯಾಕೆ ಸರಿ?

ಸೂತ್ರವನ್ನು ಸುಮ್ನೆ ನಂಬಬೇಕಿಲ್ಲ. ಒಂದೊಂದೇ ಮಾರು ಕೈಯಲ್ಲಿ ಹಿಡಿದು ಕೇಳಿ: ಇದನ್ನು ತರಲೋ ಬೇಡವೋ?

ಮೂವತ್ನಾಲ್ಕನೆಯ ಮಾರನ್ನು ನೋಡೋಣ. 34 ಅಥವಾ ಅದಕ್ಕಿಂತ ಜಾಸ್ತಿ ಕೇಳಿದ ದಿನಗಳು 12. ಆ ದಿನಗಳಲ್ಲಿ ಇದು 30 ರೂಪಾಯಿಯಂತೆ 360 ದುಡಿಯುತ್ತದೆ. ಉಳಿದ 8 ದಿನ 40 ರೂಪಾಯಿಯಂತೆ 320 ಕಳೆಯುತ್ತದೆ. 40 ರೂಪಾಯಿ ಲಾಭ, ತರಬಹುದು. ಮುಂದಿನದು ಮೂವತ್ತೈದನೆಯದು. ಇದು ಮಾರಾಟವಾಗುವುದು 11 ದಿನ, ದುಡಿಮೆ 330. ಉಳಿಯುವುದು 9 ದಿನ, ನಷ್ಟ 360. ಇಲ್ಲಿಂದ ಮುಂದೆ ತಂದ ಪ್ರತಿ ಮಾರೂ ಗಂಟನ್ನು ಕರಗಿಸುತ್ತದೆ. ಎರಡು ನಷ್ಟಗಳು ತೂಗಿ ನಿಲ್ಲುವ ಈ ಜಾಗವನ್ನೇ ಆ 0.43 ತೋರಿಸುತ್ತದೆ.

ಅದೇ 20 ಶುಕ್ರವಾರಗಳ ಮೇಲೆ ಪೂರ್ತಿ ಲೆಕ್ಕ ಹಾಕಿದೆವು. 45 ತಂದಿದ್ದರೆ ದಿನಕ್ಕೆ ಉಳಿಯುವ ಲಾಭ ಸರಾಸರಿ 692 ರೂಪಾಯಿ. 37 ತಂದಿದ್ದರೆ 851. 34 ತಂದಿದ್ದರೆ 866. ಅಂದರೆ ಅಕ್ಕ ವಾರಕ್ಕೆ 174 ರೂಪಾಯಿ ಬಿಟ್ಟುಕೊಡುತ್ತಿದ್ದರು. 33 ಅಥವಾ 35 ತಂದರೂ ಸುಮಾರು 864 ಬರುತ್ತದೆ. ಹಾಗಾಗಿ ಆಸುಪಾಸಿನ ಒಂದೆರಡು ಮಾರಿಗೆ ತಲೆ ಕೆಡಿಸಿಕೊಳ್ಳಬೇಡಿ. ದೂರ ಹೋದಾಗ ಮಾತ್ರ ಪೆಟ್ಟು ಜೋರಾಗಿ ಬೀಳುತ್ತದೆ.

ಉಳಿದ ಹೂವಿಗೆ ಬೆಲೆ ಬಂದರೆ

ಈ ಲೆಕ್ಕದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು. ಉಳಿದ ಹೂವನ್ನು ಮಾರಿಗೆ 35 ರೂಪಾಯಿಯಂತೆ ರಾತ್ರಿಯೇ ಒಯ್ಯುವವರೊಬ್ಬರು ಸಿಕ್ಕಿದರು ಎಂದುಕೊಳ್ಳಿ. ಗಿರಾಕಿಗಳು ಅವರೇ, ಸಾಲೂ ಅದೇ. ಆದರೆ ಉಳಿದದ್ದರ ನಷ್ಟ 40ರಿಂದ 15ಕ್ಕೆ ಇಳಿಯಿತು. ರೇಶಿಯೋ 30 ÷ 45, ಅಂದರೆ 0.67 ಆಗುತ್ತದೆ. 20ಕ್ಕೆ 13.3, ಹದಿನಾಲ್ಕನೆಯ ಸಂಖ್ಯೆ 40. ಈಗ 40 ಮಾರು ತರುವುದೇ ಸರಿ. ದಿನದ ಲಾಭ 948ಕ್ಕೆ ಏರುತ್ತದೆ.

ಹಾಗಾಗಿ ಎಷ್ಟು ಹೋಗುತ್ತದೆ ಎಂದು ಊಹಿಸಲು ಹಾಕುವ ಶ್ರಮದಲ್ಲಿ ಸ್ವಲ್ಪವನ್ನು ಉಳಿದದ್ದು ಎಲ್ಲಿಗೆ ಹೋಗುತ್ತದೆ ಎಂದು ಹುಡುಕಲು ಹಾಕಿ. ಇನ್ನೊಂದು ಬದಿಯನ್ನೂ ನೋಡಿ. ಹೂವು ಇಲ್ಲವೆಂದು ಹೋದವರು ಕಾಯಿ, ಬಾಳೆಹಣ್ಣನ್ನೂ ಬೇರೆ ಕಡೆ ಕೊಳ್ಳುತ್ತಾರೆ. ಅದರಲ್ಲಿ ಸಿಗುತ್ತಿದ್ದ ಲಾಭ 10 ರೂಪಾಯಿ ಎಂದರೆ ಕೈತಪ್ಪುವ ಲಾಭ 40 ಆಗುತ್ತದೆ, ರೇಶಿಯೋ 0.5, ತರಬೇಕಾದದ್ದು 35. ಅಕ್ಕನ "ಬರಿಗೈಲಿ ಕಳಿಸಬಾರದು" ಎಂಬ ಮಾತಿಗೂ ಹೀಗೆ ಒಂದು ಬೆಲೆ ಇದೆ. ಅದನ್ನು ಲೆಕ್ಕದೊಳಗೆ ಸೇರಿಸಿ. ಆದರೆ ಅದರ ಹೆಸರಿನಲ್ಲಿ 45ಕ್ಕೆ ಹೋಗಬೇಕೆಂದರೆ ವಾಪಸ್ ಹೋದ ಒಬ್ಬೊಬ್ಬರಿಂದಲೂ ಎಷ್ಟು ದೊಡ್ಡ ನಷ್ಟ ಆಗುತ್ತಿರಬೇಕು ಎಂದು ಕೂಡಿಸಿ ನೋಡಿ.

ಮೋಸ ಹೋಗುವ ಜಾಗ

ಈ ಲೆಕ್ಕ ಕೆಡುವುದು ಹೆಚ್ಚಾಗಿ ನೋಟ್‌ಬುಕ್ಕಿನಲ್ಲಿ. ಮಾರಿದ್ದು ಬೇರೆ, ಕೇಳಿದ್ದು ಬೇರೆ. ಅಕ್ಕ 45ರ ಬದಲು ಪ್ರತಿ ವಾರ 30 ಮಾರನ್ನೇ ತರುತ್ತಿದ್ದರು, ಮಾರಿದ್ದನ್ನು ಮಾತ್ರ ಬರೆಯುತ್ತಿದ್ದರು ಎಂದುಕೊಳ್ಳಿ. ಆಗ 20 ದಿನಗಳಲ್ಲಿ 16 ದಿನ "30" ಎಂದೇ ಇರುತ್ತಿತ್ತು. ಒಂಬತ್ತನೆಯ ಸಂಖ್ಯೆಯೂ 30. ಲೆಕ್ಕ "30 ಸರಿ" ಎಂದು ಹೇಳುತ್ತಿತ್ತು. 34 ಬೇಕಿತ್ತು ಎಂಬ ಸುಳಿವು ಎಂದೂ ಸಿಗುತ್ತಿರಲಿಲ್ಲ.

ಇದನ್ನು ಗುರುತಿಸುವುದು ಸುಲಭ. ಸಾಲಿನಲ್ಲಿ ಒಂದೇ ಸಂಖ್ಯೆ ಮತ್ತೆ ಮತ್ತೆ ಬಂದು, ಅದು ನೀವು ತಂದ ಸಂಖ್ಯೆಯೇ ಆಗಿದ್ದರೆ ಆ ದಿನಗಳನ್ನು ನಂಬಬೇಡಿ. ವಾಪಸ್ ಹೋದವರನ್ನು ಎಣಿಸಲು ಪುರುಸೊತ್ತಿಲ್ಲದಿದ್ದರೆ ಹೂವು ಮುಗಿದ ಹೊತ್ತನ್ನಾದರೂ ಬರೆಯಿರಿ. ಹೂವು ಮುಗಿಯದೆ ಮಿಕ್ಕಿದ ದಿನಗಳಲ್ಲಿ ಸಂಜೆ 7ರ ಹೊತ್ತಿಗೆ ಸಾಮಾನ್ಯವಾಗಿ ಆ ದಿನದ ಮಾರಾಟದ ನೂರರಲ್ಲಿ 80 ಪಾಲು ಹೋಗಿರುತ್ತದೆ ಎಂದಿಟ್ಟುಕೊಳ್ಳಿ. ಇವತ್ತು 40 ಮಾರೂ 7ಕ್ಕೇ ಮುಗಿದರೆ ನಿಜವಾದ ಬೇಡಿಕೆ 40 ÷ 0.8, ಅಂದರೆ 50ರ ಆಸುಪಾಸು. ಸಾಲಿಗೆ 50 ಎಂದು ಬರೆಯಿರಿ.

ಇನ್ನೊಂದು ಮಾತು. ಸೋಮವಾರವನ್ನೂ ಶುಕ್ರವಾರವನ್ನೂ ಒಂದೇ ಸಾಲಿಗೆ ಹಾಕಬೇಡಿ. ಆಷಾಢದ ಶುಕ್ರವಾರವನ್ನು ಬೇರೆ ತಿಂಗಳ ಶುಕ್ರವಾರದ ಜೊತೆಗೂ ಬೆರೆಸಬೇಡಿ. ನಡುವೆ ಇನ್ನೊಮ್ಮೆ ತರಿಸಿಕೊಳ್ಳಲು ದಾರಿಯಿದ್ದರೆ ಈ ಲೆಕ್ಕ ಬೇಡ, ಬೆಳಿಗ್ಗೆ ಕಡಿಮೆ ತಂದು ಮಧ್ಯಾಹ್ನ ನೋಡಿಕೊಂಡರಾಯಿತು.

ವರಮಹಾಲಕ್ಷ್ಮಿ ಬಂದಾಗ

ಹಬ್ಬ ವರ್ಷಕ್ಕೆ ಒಂದೇ ಸಲ. 20 ದಿನದ ಸಾಲು ಎಲ್ಲಿಂದ ಬರಬೇಕು? ಅಕ್ಕನನ್ನು ಕೂರಿಸಿಕೊಂಡು ಹತ್ತು ಹಬ್ಬ ಹೇಗೆ ಹೋಗಬಹುದು ಎಂದು ಊಹಿಸಿ ಬರೆಸಿದೆ. ಮಳೆ ಹೊಡೆದರೆ ಎಷ್ಟು, ಎದುರು ಇನ್ನೊಬ್ಬರು ಬುಟ್ಟಿ ಇಟ್ಟರೆ ಎಷ್ಟು, ಎಲ್ಲ ಚೆನ್ನಾಗಿ ನಡೆದರೆ ಎಷ್ಟು ಎಂದು ಕೇಳುತ್ತಾ ಹೋದೆ. ಬಂದದ್ದು: 90, 100, 105, 110, 115, 120, 125, 130, 145, 160. ಸರಾಸರಿ 120.

ಹಬ್ಬಕ್ಕೆ ಬೇಡಿಕೆಯ ಜೊತೆ ಮಾರ್ಕೆಟ್ಟಿನ ದರವೂ ಏರುತ್ತದೆ. ಕೊಳ್ಳುವುದು 120ಕ್ಕೆ, ಮಾರುವುದು 160ಕ್ಕೆ, ಮರುದಿನ ಸಿಗುವುದು 20 ಎಂದು ಹಿಡಿದೆವು. ಕೈತಪ್ಪುವ ಲಾಭ 40, ಉಳಿದದ್ದರ ನಷ್ಟ 100. ರೇಶಿಯೋ 0.29ಕ್ಕೆ ಕುಸಿಯಿತು. ಹತ್ತಕ್ಕೆ 2.9, ಮೂರನೆಯ ಸಂಖ್ಯೆ 105. ಹಬ್ಬ ಎಂದು ಕೈ ಧಾರಾಳವಾಗುವ ದಿನವೇ ಕೈ ಬಿಗಿ ಹಿಡಿಯಬೇಕು ಎಂದು ಲೆಕ್ಕ ಹೇಳಿತು.

ಆಗ ಅಕ್ಕ ಒಂದು ಉಪಾಯ ಹುಡುಕಿದರು. ಹಬ್ಬದ ಹಿಂದಿನ ಭಾನುವಾರದಿಂದಲೇ ಖಾಯಂ ಮನೆಗಳಿಂದ ಮುಂಗಡ ತೆಗೆದುಕೊಂಡು 40 ಮಾರು ಬರೆದುಕೊಂಡರು. ಆ 40 ಖಂಡಿತ ಮಾರಾಟವಾಗುವುದರಿಂದ ಅದಕ್ಕೆ ರೇಶಿಯೋ ಬೇಕಿಲ್ಲ, ಪೂರ್ತಿ ತರಬೇಕು. ಉಳಿದ ಬಿಡಿ ಗಿರಾಕಿಗಳಿಗೆ ಮಾತ್ರ ಹೊಸದಾಗಿ ಹತ್ತು ಸಂಖ್ಯೆ ಬರೆದು ಮೂರನೆಯದನ್ನು ಆರಿಸಿದೆವು. ಆ ಸಾಲು ಚಿಕ್ಕದಾಗಿತ್ತು, ಸಂಖ್ಯೆಗಳು ಒಂದಕ್ಕೊಂದು ಹತ್ತಿರವೂ ಇದ್ದವು.