ಮಸುಕು ಫೋಟೋದ ಸಮೀಕರಣ, ಬಿಡಿಸದೆ ಕಟ್ಟಿದ ಇನ್ನೊಂದು

ಮೂಲಗಳ ಮೊತ್ತ ಮತ್ತು ಗುಣಲಬ್ಧದಿಂದ ಹೊಸ ವರ್ಗ ಸಮೀಕರಣ ಕಟ್ಟುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅದನ್ನು ನಾನು ಹೇಳಿಕೊಡಬೇಕಾಗಿಲ್ಲ. ಆದರೆ ವಾಟ್ಸಾಪ್‌ನಲ್ಲಿ ಬಂದ ಅರ್ಧಂಬರ್ಧ ಫೋಟೋ ನೋಡಿ ನೇರವಾಗಿ ಉತ್ತರ ಬರೆಯಬಹುದು, ಬರೆದದ್ದು ಸರಿಯಾ ಅಂತ ಬಿಡಿಸದೆಯೇ ನೋಡಿಕೊಳ್ಳಬಹುದು ಅಂದಾಗ ಗೋಣಿಕೊಪ್ಪದ ನನ್ನ ಜತೆಗಾರ ಮೇಷ್ಟ್ರುಗಳು ನಕ್ಕರು. "ಮೊದಲು ಬಿಡಿಸಿ ಸಾರ್, ಆಮೇಲೆ ಕಟ್ಟಿ" ಅಂದರು. ಈಗ ಅವರೇ ತಮ್ಮ ಮಕ್ಕಳ ಫೋಟೋಗಳನ್ನು ನನಗೆ ಕಳಿಸುತ್ತಾರೆ.

ಕೊಡಗಿನಲ್ಲಿ ಜುಲೈ, ಆಗಸ್ಟ್ ಹೇಗಿರುತ್ತದೆ ಅಂತ ಗೊತ್ತಲ್ವಾ. ಮಳೆ ರಜೆ, ಕರೆಂಟಿಲ್ಲ, ತೋಟದ ಮನೆಯೊಳಗೆ ಮಧ್ಯಾಹ್ನವೇ ಕತ್ತಲೆ. ಮಕ್ಕಳು ಮೇಣದ ಬತ್ತಿ ಬೆಳಕಲ್ಲಿ ಪುಸ್ತಕದ ಫೋಟೋ ತೆಗೆದು ಕಳಿಸುತ್ತಾರೆ. ನೆಟ್‌ವರ್ಕ್ ಸಿಕ್ಕಾಗ ಮಾತ್ರ ಅದು ನನಗೆ ತಲುಪುತ್ತದೆ. ಇನ್ನೊಂದು ಕಳಿಸು ಅಂದರೆ ಮರುದಿನದ ಮಾತು.

ಮೊದಲು ದುಡ್ಡು ಸುರಿದೆ. ಟ್ಯೂಷನ್ ಮನೆಗೆ ಫೋನ್ ನಿಲ್ಲಿಸುವ ಸ್ಟ್ಯಾಂಡು ಮತ್ತು ಒಂದು ದೀಪಕ್ಕೆ ಸಾವಿರದ ಇನ್ನೂರೋ ಮುನ್ನೂರೋ ಹೋಯಿತು. ಮಕ್ಕಳು ಮನೆಯಲ್ಲಿ ತೆಗೆಯುವ ಫೋಟೋಗೆ ಅದರಿಂದ ಏನೂ ಉಪಯೋಗ ಇಲ್ಲ. ಆಮೇಲೆ ಫೋಟೋ ಸ್ವಚ್ಛ ಮಾಡುವ ಒಂದು ಸ್ಕ್ಯಾನರ್ ಆ್ಯಪ್‌ಗೆ ವರ್ಷದ ಚಂದಾ ಕಟ್ಟಿದೆ, ಅದೂ ಹೆಚ್ಚುಕಡಿಮೆ ಅಷ್ಟೇ. ಅದು ನೆರಳನ್ನು ಅಳಿಸುವಾಗ ಪೆನ್ಸಿಲ್‌ನಲ್ಲಿ ಬರೆದ ತೆಳು ಮೈನಸ್ ಗೆರೆಯನ್ನೂ ಕಸ ಅಂತ ಅಳಿಸಿತು. ಮೈನಸ್ ಹೋದ ಮೇಲೆ ಅಕ್ಷರ ಎಷ್ಟು ಚೆಂದ ಕಂಡರೇನು? ಈಗ ಬಣ್ಣದ ಫೋಟೋವನ್ನು ಹಾಗೇ ಹಿಗ್ಗಿಸಿ ನೋಡುತ್ತೇನೆ. ಪುಕ್ಕಟೆ.

ಒಂದು ಲೆಕ್ಕ ಹೇಳುತ್ತೇನೆ. ಸೋಮವಾರಪೇಟೆ ಕಡೆಯ ಹುಡುಗಿ ಕಳಿಸಿದ್ದು. 2x² − 5x + 1 = 0 ನ ಮೂಲಗಳು α, β. α², β² ಮೂಲಗಳಾಗಿರುವ ಸಮೀಕರಣ ಬೇಕು. ಅವಳು ಬಿಡಿಸಲು ಹೋಗಿದ್ದಳು. √17 ಬಂತು. ಕ್ಯಾಲ್ಕುಲೇಟರ್ ಒತ್ತಿ 2.3, 0.2 ಅಂತ ಇಟ್ಟುಕೊಂಡು ಎರಡನ್ನೂ ವರ್ಗ ಮಾಡಿ, x² − 5.33x + 0.21 = 0 ಬರೆದಿದ್ದಳು. ಒಂದು ದಶಮಾಂಶಕ್ಕೆ ಕತ್ತರಿಸಿದರೆ ಆಗುವುದೇ ಹೀಗೆ.

ಬಿಡಿಸದೆ ಹೋದರೆ ಮೊತ್ತ 5/2, ಗುಣಲಬ್ಧ 1/2. ವರ್ಗಗಳ ಮೊತ್ತ 25/4 − 1 = 21/4, ಗುಣಲಬ್ಧ 1/4. ಹೊಸದು 4x² − 21x + 1 = 0. ಇಷ್ಟು ಎಲ್ಲರೂ ಮಾಡುತ್ತಾರೆ. ನಾನು ಭಿನ್ನರಾಶಿಗೇ ಇಳಿಯುವುದಿಲ್ಲ. ಫೋಟೋದ a, b, c ನೋಡುತ್ತಲೇ ಬರೆಯುವುದು ಇದನ್ನು:

a²x² − (b² − 2ac)x + c² = 0

4, 25 − 4, 1. ಮುಗಿಯಿತು. ಫೋಟೋ ಮೇಲೆ ಬೆರಳಿಟ್ಟುಕೊಂಡೇ ಬಾಯಲ್ಲಿ ಹೇಳಬಹುದು.

ಇನ್ನು ತಾಳೆ ನೋಡುವುದು. ಜತೆಗಾರರು ನಂಬದೆ ಇದ್ದದ್ದು ಇದನ್ನೇ. ಹಳೆಯ ಸಮೀಕರಣದ ಶೋಧಕ 25 − 8 = 17. ಹೊಸದರ ಶೋಧಕ 441 − 16 = 425, ಅಂದರೆ 17 × 25. ಹೊಸ ಶೋಧಕವನ್ನು ಹಳೆಯದರಿಂದ ಭಾಗಿಸಿದರೆ ಪೂರ್ಣ ವರ್ಗ ಬರಬೇಕು. ಕಾರಣ ಸುಲಭ. α² − β² ಒಳಗೆ α − β ಕೂತಿದೆ, ಉಳಿದದ್ದು α + β, ಅದು ಭಾಗಲಬ್ಧ ಸಂಖ್ಯೆ. ಸಮೀಕರಣವನ್ನು ಯಾವ ಸಂಖ್ಯೆಯಿಂದ ಗುಣಿಸಿದರೂ ಶೋಧಕಕ್ಕೆ ಆ ಸಂಖ್ಯೆಯ ವರ್ಗವೇ ಸೇರುವುದರಿಂದ ಪರೀಕ್ಷೆ ಕೆಡುವುದಿಲ್ಲ.

ಮಕ್ಕಳು ಜಾಸ್ತಿ ಎಡವುವ ಜಾಗವನ್ನೇ ಇದಕ್ಕೆ ಒಡ್ಡಿ ನೋಡಿ. 2αβ ಕಳೆಯಲು ಮರೆತವರು 4x² − 25x + 1 = 0 ಬರೆಯುತ್ತಾರೆ. ಶೋಧಕ 609. ಅದು 17 ರಿಂದ ಭಾಗವೇ ಆಗುವುದಿಲ್ಲ. αβ ಒಂದೇ ಸಲ ಕಳೆದವರದು 4x² − 23x + 1 = 0, ಶೋಧಕ 513. ಅದೂ ಆಗುವುದಿಲ್ಲ. ಉತ್ತರಪತ್ರಿಕೆ ಕಟ್ಟು ಮುಂದಿದ್ದಾಗ ಒಂದೊಂದಕ್ಕೆ ಅರ್ಧ ನಿಮಿಷವೂ ಬೇಡ.

ಆದರೆ ಇದು ಎಲ್ಲವನ್ನೂ ಹಿಡಿಯುವುದಿಲ್ಲ. ಮಧ್ಯದ ಚಿಹ್ನೆ ತಪ್ಪಿ 4x² + 21x + 1 = 0 ಅಂತ ಬರೆದರೂ ಶೋಧಕ ಅದೇ 425. ಅದಕ್ಕೆ ಬೇರೆ ಕಣ್ಣು ಬೇಕು. ಹಳೆಯ ಮೂಲಗಳು ವಾಸ್ತವ ಆಗಿದ್ದರೆ ಅವುಗಳ ವರ್ಗಗಳ ಮೊತ್ತ ಋಣ ಆಗಲಾರದು, ಹಾಗಾಗಿ ಮಧ್ಯದಲ್ಲಿ ಮೈನಸ್ಸೇ ಬರಬೇಕು. ಇನ್ನೂ ದೊಡ್ಡ ತೊಂದರೆ ಫೋಟೋವನ್ನೇ ತಪ್ಪು ಓದಿದಾಗ. +1 ಅನ್ನು −1 ಅಂತ ಓದಿದರೆ ಹಳೆಯ ಶೋಧಕ 33, ಉತ್ತರ 4x² − 29x + 1 = 0, ಅದರ ಶೋಧಕ 825, ಅಂದರೆ 33 × 25. ಪರೀಕ್ಷೆ ಆರಾಮಾಗಿ ಪಾಸು, ಉತ್ತರ ಮಾತ್ರ ಬೇರೆ ಲೆಕ್ಕದ್ದು.

ಹಾಗಾಗಿ ಮಕ್ಕಳಿಗೆ ಒಂದು ಕಟ್ಟುನಿಟ್ಟು ಮಾಡಿದ್ದೇನೆ. ಪುಸ್ತಕದ ಹಿಂದಿನ ಉತ್ತರದ ಫೋಟೋವನ್ನೂ ಜತೆಗೆ ಕಳಿಸಬೇಕು. ಆಗ ಹಿಂದಕ್ಕೆ ನಡೆಯಬಹುದು. ಮಡಿಕೆಯ ನೆರಳಲ್ಲಿ b, c ಎರಡೂ ಮುಚ್ಚಿಹೋಗಿವೆ, ಮುಂದಿನ 2 ಮಾತ್ರ ಕಾಣುತ್ತದೆ ಅಂದುಕೊಳ್ಳಿ. ಉತ್ತರ 4x² − 21x + 1 = 0. c² = 1, ಹಾಗಾಗಿ c ಅಂದರೆ 1 ಅಥವಾ −1. b² = 21 + 4c. c ಗೆ −1 ಇಟ್ಟರೆ b² = 17, ಪುಸ್ತಕದ ಲೆಕ್ಕದಲ್ಲಿ b ಪೂರ್ಣಾಂಕ ಆಗಿರುವುದರಿಂದ ಅದು ಹೋಯಿತು. 1 ಇಟ್ಟರೆ 25. ಸರಿ, c = 1, b ಅಂದರೆ 5 ಅಥವಾ −5. ಕಾಣದ ಅಂಕಿ ಎರಡೂ ಸಿಕ್ಕವು. b ಯ ಚಿಹ್ನೆ ಮಾತ್ರ ಇದರಿಂದ ಸಿಗುವುದಿಲ್ಲ, ವರ್ಗ ಮಾಡಿದಾಗ ಅದು ಅಳಿದುಹೋಗಿರುತ್ತದೆ. ಅದೇ ಲೆಕ್ಕದ ಕೆಳಗೆ 1/α, 1/β ಕೇಳಿದ್ದರೆ ಅಲ್ಲಿ ನೋಡಿ. ಅದು cx² + bx + a = 0, ಚಿಹ್ನೆ ಹಾಗೇ ಉಳಿದಿರುತ್ತದೆ.

ಒಂದು ಎಚ್ಚರ. ಪುಸ್ತಕದವರು ಉತ್ತರವನ್ನು ಸಾಮಾನ್ಯ ಅಪವರ್ತನದಿಂದ ಭಾಗಿಸಿ ಚಿಕ್ಕದು ಮಾಡಿರುತ್ತಾರೆ. 2x² − 6x + 4 = 0 ಗೆ ಉತ್ತರ x² − 5x + 4 = 0 ಅಂತಿರುತ್ತದೆ. ಹಿಂದಕ್ಕೆ ನಡೆಯುವ ಮೊದಲು ಮುಂದಿನ ಅಂಕಿ a² ಆಗುವಂತೆ, ಇಲ್ಲಿ 4 ಆಗುವಂತೆ, ಪೂರ್ತಿ ಗುಣಿಸಿಕೊಳ್ಳಬೇಕು.

ಕರೆಂಟಿಲ್ಲದ ಸಂಜೆಗಳಲ್ಲಿ ಸುಮ್ನೆ ಬೇರೆಯವನ್ನೂ ಇದಕ್ಕೆ ಹಾಕಿ ನೋಡಿದೆ. ಘನಗಳಿಗೆ 8x² − 95x + 1 = 0 ಬಂತು, ಶೋಧಕ 8993, ಅಂದರೆ 17 × 529, ಅದು 23 ರ ವರ್ಗ. α + 1/β, β + 1/α ಗೆ 2x² − 15x + 9 = 0, ಶೋಧಕ 153, ಅಂದರೆ 17 × 9. ಎರಡೂ ಗೆದ್ದವು. √α, √β ಮಾತ್ರ ಕೈಕೊಟ್ಟಿತು. ಮೊತ್ತದ ವರ್ಗವೇ 5/2 + √2, ಸಹಗುಣಕಗಳು ಭಾಗಲಬ್ಧ ಆಗಿ ಉಳಿಯುವುದಿಲ್ಲ, ಪರೀಕ್ಷೆಗೆ ನಿಲ್ಲಲು ನೆಲವೇ ಇಲ್ಲ.

ನಾಲ್ಕನೇ, ಐದನೇ ಘಾತಕ್ಕೆ ಸೂತ್ರ ಬಾಯಿಪಾಠ ಇಲ್ಲದೆ ಒಂದೇ ಸಾಲಿನಲ್ಲಿ ಇಳಿಸುವ ದಾರಿ ಇದೆ. ಅದು ಸದ್ಯಕ್ಕೆ ನನ್ನ ಟ್ಯೂಷನ್ ಮಕ್ಕಳಿಗೇ ಇರಲಿ, ಫೀಸು ಕೊಡುವವರು ಅವರು.

α², β ಅಂತ ಒಂದನ್ನು ಮಾತ್ರ ವರ್ಗ ಮಾಡಿ ಕೇಳಿದರೆ ಇದ್ಯಾವುದೂ ನಡೆಯುವುದಿಲ್ಲ. α, β ಅದಲುಬದಲು ಮಾಡಿದಾಗ ಆ ಮೊತ್ತ ಬದಲಾಗುತ್ತದೆ, 5/2, 1/2 ರಿಂದ ಅದನ್ನು ಕಟ್ಟಲು ಆಗದು. ಅಂಥ ಫೋಟೋ ಬಂದರೆ ನಾನೂ ಸೂತ್ರ ಹಾಕಿ ಬಿಡಿಸುತ್ತೇನೆ.